ದೋಟಿ ನೋಡಿದವರ ಹಿಂದೆ ಎಷ್ಟು ಸಲ ಹೋಗಬೇಕು?

ಏಪ್ರಿಲ್ ಅರ್ಧ ದಾಟಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದವರ ಮೊಬೈಲಿನಲ್ಲಿ ದೋಟಿಯದ್ದೇ ಕಾರುಬಾರು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕು. ಮರ ಹತ್ತುವ ಆಳು ಸಿಗುವುದಿಲ್ಲ. ನೆಲದಲ್ಲೇ ನಿಂತು ಮದ್ದು ಬಿಡಲು ಕಾರ್ಬನ್ ಫೈಬರ್ ದೋಟಿ ಇದ್ದರೆ ಆದೀತು ಅಂತ ಯಾರೋ ಒಂದು ವಿಡಿಯೋ ನೋಡುತ್ತಾರೆ. ನೋಡಿದ್ದು ಮುಕ್ಕಾಲು ನಿಮಿಷ ಅಷ್ಟೇ. ಮರುದಿನದಿಂದ ಅದೇ ಅಂಗಡಿ ಫೇಸ್‌ಬುಕ್‌ನಲ್ಲೂ ಇದೆ, ಇನ್‌ಸ್ಟಾಗ್ರಾಮ್‌ನಲ್ಲೂ ಇದೆ, ಯೂಟ್ಯೂಬ್‌ನಲ್ಲೂ ಇದೆ. ಅಂಗಡಿಗೆ ಹೋಗಿ ದೋಟಿ ತಂದ ಮೇಲೂ ನಿಲ್ಲುವುದಿಲ್ಲ. "ನಿಮ್ಮಲ್ಲಿಂದಲೇ ಕೊಂಡುಹೋದದ್ದಲ್ವಾ ಮಾರಾಯ್ರೆ, ಇನ್ನೂ ದಿನಾ ಅದೇ ಬರ್ತಾ ಉಂಟು" ಎಂದು ಗಿರಾಕಿ ಫೋನ್ ಮಾಡಿ ಹೇಳಿದರೆ ಅಂಗಡಿಯವರ ಬಳಿ ಉತ್ತರ ಇರುವುದಿಲ್ಲ.

ಒಮ್ಮೆ ವಿಡಿಯೋ ನೋಡಿದವರಿಗೆ, ಇಲ್ಲವೇ ವೆಬ್‌ಸೈಟಿನಲ್ಲಿ ಒಂದು ವಸ್ತುವಿನ ಪುಟ ತೆರೆದವರಿಗೆ ಮತ್ತೆ ಜಾಹೀರಾತು ತೋರಿಸುವುದಕ್ಕೆ ರೀಟಾರ್ಗೆಟಿಂಗ್ ಎನ್ನುತ್ತಾರೆ. ಒಬ್ಬನಿಗೆ ಸರಾಸರಿ ಎಷ್ಟು ಸಲ ತೋರಿಸಿದೆವು ಎಂಬ ಲೆಕ್ಕ ಫ್ರೀಕ್ವೆನ್ಸಿ. ಇವೆರಡೂ ಹೊಸ ವಿಷಯವಲ್ಲ. ಆದರೆ ಇವುಗಳ ಬಗ್ಗೆ ಸಿಗುವ ಸಲಹೆಗಳೆಲ್ಲ ಲಕ್ಷಗಟ್ಟಲೆ ಜನ ವಿಡಿಯೋ ನೋಡುವ ಬ್ರ್ಯಾಂಡ್‌ಗಳಿಗೆ ಹೇಳಿದ್ದು. ಕಾಸರಗೋಡಿನ ಒಂದು ಅಂಗಡಿಯ ಪಟ್ಟಿಯಲ್ಲಿ ಇರುವುದು ಕೆಲವು ಸಾವಿರ ಜನ, ಕೆಲವೊಮ್ಮೆ ಕೆಲವು ನೂರು. ಅಷ್ಟು ಸಣ್ಣ ಪಟ್ಟಿಗೆ ದೊಡ್ಡ ಊರಿನ ಬಜೆಟ್ ಹಾಕಿದರೆ ಏನಾಗುತ್ತದೆ ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

ಉದಾಹರಣೆಗೆ ಬದಿಯಡ್ಕದಲ್ಲಿ ಒಂದು ಕೃಷಿ ಸಲಕರಣೆ ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. ಮುಂದೆ ಬರುವ ಅಂಕಿಗಳು ಲೆಕ್ಕ ತೋರಿಸಲು ನಾನು ಹಿಡಿದವು. ನಿಮ್ಮ ಅಂಗಡಿಯ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಮಾತ್ರ ಅದೇ.

ಮೊದಲು ವಿಡಿಯೋ ಪಟ್ಟಿ. ಅಂಗಡಿಯವರು 90 ಸೆಕೆಂಡಿನ ವಿಡಿಯೋ ಮಾಡಿದ್ದಾರೆ. ಮೊದಲ 20 ಸೆಕೆಂಡು ಡ್ರೋನಿನಿಂದ ತೆಗೆದ ತೋಟದ ಚಿತ್ರ, ಹಿಂದೆ ಸಂಗೀತ. ಸುಮಾರು 35ನೇ ಸೆಕೆಂಡಿಗೆ ದೋಟಿ ಒಂದೊಂದೇ ಭಾಗವಾಗಿ ಮೇಲಕ್ಕೆ ಏಳುತ್ತದೆ. 50ನೇ ಸೆಕೆಂಡಿನಿಂದ ಅದರ ತೂಕ ಎಷ್ಟು, ಮದ್ದಿನ ಪೈಪು ಹೇಗೆ ಕಟ್ಟುವುದು, ತುದಿಗೆ ಕತ್ತಿ ಹೇಗೆ ಕೂರಿಸುವುದು ಅಂತ ವಿವರಣೆ.

ಮೆಟಾದಲ್ಲಿ, ಅಂದರೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ, ವಿಡಿಯೋ ನೋಡಿದವರ ಪಟ್ಟಿ ಮಾಡುವಾಗ ಎಷ್ಟು ನೋಡಿದವರು ಬೇಕು ಎಂದು ಕೇಳುತ್ತದೆ. 3 ಸೆಕೆಂಡು, 10 ಸೆಕೆಂಡು, ಥ್ರೂಪ್ಲೇ ಎಂಬ 15 ಸೆಕೆಂಡು, ಆಮೇಲೆ ಶೇ. 25, 50, 75, 95. ಹೆಚ್ಚಿನವರು ಪಟ್ಟಿ ದೊಡ್ಡದಾಗಲಿ ಅಂತ 3 ಸೆಕೆಂಡು ಒತ್ತಿಬಿಡುತ್ತಾರೆ. ಆದರೆ ವಿಡಿಯೋ ತಾನಾಗಿಯೇ ಓಡುತ್ತದಲ್ಲ. ಬೆರಳು ಮೇಲಕ್ಕೆ ತಳ್ಳುವಷ್ಟರಲ್ಲಿ 3 ಸೆಕೆಂಡು ಆಗಿಹೋಗಿರುತ್ತದೆ. ಥ್ರೂಪ್ಲೇ ಹಿಡಿದರೂ ನಮ್ಮ ವಿಡಿಯೋದಲ್ಲಿ ಸಿಗುವುದು ಡ್ರೋನ್ ಚಿತ್ರ ನೋಡಿ ಖುಷಿಪಟ್ಟವರು. ಅವರಿಗೆ ದೋಟಿ ಕಂಡೇ ಇಲ್ಲ.

ಹಾಗಾಗಿ ಪ್ರಮಾಣವನ್ನು ನಿಮ್ಮ ವಿಡಿಯೋ ನೋಡಿಯೇ ತೀರ್ಮಾನಿಸಬೇಕು. ಸರಕು ಸರಿಯಾಗಿ ಕಾಣಿಸುವ ಹೊತ್ತು ದಾಟಿದ ಮೇಲಿನ ಮೊದಲ ಗೆರೆ ಯಾವುದು? 90 ಸೆಕೆಂಡಿನ ಅರ್ಧ 45. ಅಷ್ಟರಲ್ಲಿ ದೋಟಿ ಎದ್ದು ನಿಂತಿದೆ. ಶೇ. 75 ಎಂದರೆ ಸುಮಾರು 67ನೇ ಸೆಕೆಂಡು, ತೂಕದ ಮಾತನ್ನೂ ಕೇಳಿದವರು. ಅವರು ಇನ್ನೂ ಗಟ್ಟಿ ಗಿರಾಕಿಗಳು, ಆದರೆ ಪಟ್ಟಿ ತೀರಾ ಸಣ್ಣದಾಗುತ್ತದೆ. ಇಲ್ಲಿ ಶೇ. 50 ಸರಿ. ಒಂದು ವಿಷಯ ನೆನಪಿರಲಿ: ವಿಡಿಯೋವನ್ನು ಮುಂದಕ್ಕೆ ಓಡಿಸಿ ಆ ಜಾಗಕ್ಕೆ ಬಂದವರೂ ಈ ಲೆಕ್ಕಕ್ಕೆ ಸೇರುತ್ತಾರೆ. ನನ್ನ ಪ್ರಕಾರ ಅದು ತೊಂದರೆ ಅಲ್ಲ. ದೋಟಿ ಕಾಣುವವರೆಗೆ ಓಡಿಸಿದವನಿಗೆ ಡ್ರೋನ್ ಬೇಡ, ದೋಟಿ ಬೇಕು.

ಗಡಿನಾಡಿನಲ್ಲಿ ಈ ಪಟ್ಟಿಗೆ ಇನ್ನೊಂದು ಉಪಯೋಗವಿದೆ, ಅದನ್ನು ಬೆಂಗಳೂರಿನ ಏಜೆನ್ಸಿಯವರು ಹೇಳಿಕೊಡುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಓದುವವರನ್ನು ಜಾಹೀರಾತಿನಲ್ಲಿ ಹುಡುಕುವುದು ಕಷ್ಟ. ಭಾಷೆ ಎಂಬಲ್ಲಿ ಕನ್ನಡ ಅಂತ ಹಾಕಿದರೆ ಆಯಿತಲ್ಲ ಎನಿಸಬಹುದು. ಆದರೆ ಮೆಟಾ ಆ ಲೆಕ್ಕಕ್ಕೆ ಮುಖ್ಯವಾಗಿ ನೋಡುವುದು ಜನ ಆ್ಯಪನ್ನು ಯಾವ ಭಾಷೆಯಲ್ಲಿ ಬಳಸುತ್ತಾರೆ ಎಂಬುದನ್ನು. ಮನೆಯಲ್ಲಿ ಹವ್ಯಕವೋ ತುಳುವೋ ಮಾತಾಡಿ, ಪೇಟೆಯಲ್ಲಿ ಮಲಯಾಳ ಮಾತಾಡಿ, ಕನ್ನಡ ಪೇಪರು ಓದುವವರ ಫೋನಿನಲ್ಲೂ ಆ್ಯಪ್ ಇಂಗ್ಲಿಷಿನಲ್ಲೇ ಇರುವುದು ಜಾಸ್ತಿ. ಕನ್ನಡ ಅಂತ ಆರಿಸಿದ ಕೂಡಲೇ ಅವರೆಲ್ಲ ಹೊರಗೆ ಬೀಳುತ್ತಾರೆ.

ಅದರ ಬದಲು ಮೊದಲ ವಿಡಿಯೋವನ್ನೇ ಜರಡಿ ಮಾಡಬಹುದು. ಭಾಷೆಯ ಮಿತಿ ಹಾಕದೆ, ಕುಂಬಳೆಯಿಂದ ಮುಳ್ಳೇರಿಯದವರೆಗಿನ ಜಾಗ ಮಾತ್ರ ಆರಿಸಿ, ಕನ್ನಡದಲ್ಲಿ ಮಾತಾಡುವ ವಿಡಿಯೋ ಬಿಡಿ. ಅದನ್ನು 45 ಸೆಕೆಂಡು ಕೇಳಿದವರಿಗೆ ಕನ್ನಡ ಅರ್ಥವಾಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಇದಕ್ಕೆ ವಿಡಿಯೋದಲ್ಲಿ ಮಾತು ಇರಬೇಕು, ಮೊದಲಿನಿಂದಲೇ ಇರಬೇಕು. ಬರೀ ಸಂಗೀತ ಹಾಕಿ ದೋಟಿ ಎತ್ತಿ ತೋರಿಸಿದರೆ ಎಲ್ಲ ಭಾಷೆಯವರೂ ನೋಡುತ್ತಾರೆ, ಪಟ್ಟಿ ಕಲಸುಮೇಲೋಗರವಾಗುತ್ತದೆ.

ಮಲಯಾಳದಲ್ಲೂ ವಿಡಿಯೋ ಮಾಡಿದ್ದರೆ ಅದರ ಪಟ್ಟಿ ಬೇರೆ ಇರಲಿ. ಕನ್ನಡ ವಿಡಿಯೋ ನೋಡಿದವರಿಗೆ ಮುಂದಿನ ಜಾಹೀರಾತು ಕನ್ನಡದಲ್ಲಿ, ಮಲಯಾಳದ್ದು ನೋಡಿದವರಿಗೆ ಮಲಯಾಳದಲ್ಲಿ. ಇಲ್ಲಿ ಎರಡೂ ಭಾಷೆ ಬಲ್ಲವರೇ ಹೆಚ್ಚು, ಹಾಗಾಗಿ ಎರಡೂ ವಿಡಿಯೋ ನೋಡಿದವರು ಎರಡೂ ಪಟ್ಟಿಯಲ್ಲಿ ಸೇರಿಕೊಳ್ಳುತ್ತಾರೆ. ಅವರಿಗೆ ಎಲ್ಲವೂ ಎರಡೆರಡು ಸಲ ಕಾಣುತ್ತದೆ. ಒಂದು ಪಟ್ಟಿಯಿಂದ ಇನ್ನೊಂದನ್ನು ಕಳೆಯದಿದ್ದರೆ, ಅಂದರೆ ಎಕ್ಸ್‌ಕ್ಲೂಡ್ ಮಾಡದಿದ್ದರೆ, ಫ್ರೀಕ್ವೆನ್ಸಿಯ ಮಿತಿ ಎಷ್ಟು ಹಾಕಿದರೂ ಅದು ದುಪ್ಪಟ್ಟಾಗುತ್ತದೆ.

ಇನ್ನು ವಸ್ತುವಿನ ಪುಟ ನೋಡಿದವರು. ಇವರನ್ನು ಗುರುತಿಸಲು ವೆಬ್‌ಸೈಟಿನಲ್ಲಿ ಮೆಟಾದ ಪಿಕ್ಸೆಲ್ ಎಂಬ ತುಣುಕು ಕೂರಿಸಿರಬೇಕು. ದೋಟಿಯ ಪುಟ ತೆರೆದಾಗ ಅದು ಹೀಗೊಂದು ಸುದ್ದಿ ಕಳಿಸುತ್ತದೆ:

```
fbq('track', 'ViewContent', {
  content_ids: ['DOTI-60'],
  content_type: 'product'
});
```

ಇಲ್ಲಿ DOTI-60 ಎಂಬುದು ಆ ದೋಟಿಗೆ ಅಂಗಡಿಯವರು ಕೊಟ್ಟ ಗುರುತು. ನೋಡಿದ ವಸ್ತುವನ್ನೇ ಮತ್ತೆ ತೋರಿಸುವ ಕ್ಯಾಟಲಾಗ್ ಜಾಹೀರಾತು ಬೇಕಿದ್ದರೆ ಕ್ಯಾಟಲಾಗಿನಲ್ಲೂ ಅಕ್ಷರಶಃ ಅದೇ ಗುರುತು ಇರಬೇಕು. ಒಂದು ಕಡೆ DOTI-60, ಇನ್ನೊಂದು ಕಡೆ doti60 ಇದ್ದರೆ 60 ಅಡಿಯ ದೋಟಿ ನೋಡಿದವನಿಗೆ ಅದೇ ದೋಟಿ ಬರುವ ಭರವಸೆ ಇಲ್ಲ, ಕಳೆ ಕೊಚ್ಚುವ ಮೆಷಿನ್ ಬಂದರೂ ಬಂದೀತು.

ವಾಟ್ಸಾಪ್‌ನಲ್ಲೇ ವ್ಯಾಪಾರ ಮಾಡುವವರು ಒಂದು ಸಂಗತಿ ತಿಳಿದಿರಬೇಕು. ವಾಟ್ಸಾಪ್ ಕ್ಯಾಟಲಾಗಿನಲ್ಲಿ ದೋಟಿ ನೋಡಿದವರು ವೆಬ್‌ಸೈಟಿನ ಪಿಕ್ಸೆಲ್‌ಗೆ ಕಾಣುವುದಿಲ್ಲ. ಹಾಗೆಯೇ ದುಬೈಯಲ್ಲಿರುವ ಮಗ ವಿಡಿಯೋವನ್ನು ಇಳಿಸಿಕೊಂಡು ಮನೆಯ ಗುಂಪಿಗೆ ಹಾಕಿದರೆ, ತೋಟ ನೋಡಿಕೊಳ್ಳುವ ಅಪ್ಪ ಅದನ್ನು ಹತ್ತು ಸಲ ನೋಡಿದರೂ ಲೆಕ್ಕಕ್ಕೆ ಇಲ್ಲ. ಪಟ್ಟಿಯಲ್ಲಿ ಮಗನ ಹೆಸರೇ ಇರುತ್ತದೆ. ಅದಕ್ಕೇ ಗಿರಾಕಿಗಳಿಗೆ ಕಳಿಸುವಾಗ ವಿಡಿಯೋ ಫೈಲಿನ ಬದಲು ದೋಟಿಯ ಪುಟದ ಲಿಂಕ್ ಕಳಿಸುವುದು ಲಾಭ. ಅದನ್ನು ಯಾರು ತೆರೆದರೂ ಪಿಕ್ಸೆಲ್‌ಗೆ ಸುದ್ದಿ ಹೋಗುವ ಸಾಧ್ಯತೆ ಇದೆ. ಸಾಧ್ಯತೆ ಎಂದೆ, ಯಾಕೆಂದರೆ ಐಫೋನ್‌ನಲ್ಲಿ 2021ರ ಏಪ್ರಿಲ್‌ನಿಂದ ಆ್ಯಪ್‌ಗಳು ಹಿಂಬಾಲಿಸಬೇಕಾದರೆ ಒಪ್ಪಿಗೆ ಕೇಳಬೇಕು, ಬೇಡ ಎಂದವರ ಸುಳಿವು ಸರಿಯಾಗಿ ಸಿಗುವುದಿಲ್ಲ. ಪಟ್ಟಿಯಲ್ಲಿ ಕಾಣುವ ಸಂಖ್ಯೆ ಸಾಮಾನ್ಯವಾಗಿ ಪುಟ ನೋಡಿದವರಿಗಿಂತ ಕಡಿಮೆಯೇ.

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಕನ್ನಡ ವಿಡಿಯೋವನ್ನು ಕಳೆದ 30 ದಿನಗಳಲ್ಲಿ ಅರ್ಧ ನೋಡಿದವರು 4,000 ಜನ. ದೋಟಿಯ ಪುಟವನ್ನು ಕಳೆದ 14 ದಿನಗಳಲ್ಲಿ ತೆರೆದವರು 300 ಜನ. ಸಾವಿರ ಸಲ ತೋರಿಸಲು 100 ರೂಪಾಯಿ ಬೀಳುತ್ತದೆ ಅಂತ ಹಿಡಿಯೋಣ. ಜಾಹೀರಾತಿನವರು ಸಿಪಿಎಂ ಎನ್ನುವುದು ಇದಕ್ಕೇ. ಪಟ್ಟಿಯಲ್ಲಿ ಇದ್ದವರೆಲ್ಲ ಒಂದು ವಾರದಲ್ಲಿ ಕೈಗೆ ಸಿಗುವುದಿಲ್ಲ. ಕೆಲವರು ಆ್ಯಪ್ ತೆರೆಯುವುದೇ ಇಲ್ಲ, ಕೆಲವರಿಗೆ ಬೇರೆ ಜಾಹೀರಾತುದಾರರು ಹೆಚ್ಚು ದುಡ್ಡು ಕೊಟ್ಟಿರುತ್ತಾರೆ. ನೂರಕ್ಕೆ 60 ಮಂದಿ ಸಿಗುತ್ತಾರೆ ಎಂದುಕೊಂಡರೆ ಮೊದಲ ಪಟ್ಟಿಯಲ್ಲಿ 2,400, ಎರಡನೆಯದರಲ್ಲಿ 180.

ಸಾಮಾನ್ಯವಾಗಿ ಅಂಗಡಿಯವರು ಮಾಡುವುದೇನು? ಪುಟ ನೋಡಿದವರೇ ಹತ್ತಿರದ ಗಿರಾಕಿಗಳು ತಾನೇ ಅಂತ ಅವರಿಗೆ ದಿನಕ್ಕೆ 300 ರೂಪಾಯಿ ಇಡುತ್ತಾರೆ. ಕೇಳಲು ಸಣ್ಣ ಮೊತ್ತ. ವಾರಕ್ಕೆ 2,100 ರೂಪಾಯಿ, ಅಂದರೆ 21,000 ಸಲ ತೋರಿಸಲು ಸಾಕಾಗುವ ದುಡ್ಡು. ಅದನ್ನು 180 ಜನರ ಮೇಲೆ ಹಂಚಿ ನೋಡಿ. ಒಬ್ಬೊಬ್ಬನಿಗೆ ವಾರಕ್ಕೆ ಸುಮಾರು 117 ಸಲ, ದಿನಕ್ಕೆ 16ಕ್ಕೂ ಹೆಚ್ಚು. ಅಷ್ಟು ಸಲ ತೋರಿಸಲು ಆಗುವುದೇ ಇಲ್ಲ. ಹಾಗಾಗಿ ಒಂದೋ ಸಿಪಿಎಂ ಮೇಲಕ್ಕೆ ಏರುತ್ತದೆ, ಇಲ್ಲವೇ ದುಡ್ಡು ಖರ್ಚಾಗದೆ ಉಳಿಯುತ್ತದೆ, ಅದೂ ಅಲ್ಲದಿದ್ದರೆ ಜಾಹೀರಾತು ಪಟ್ಟಿಯ ಬೇಲಿ ಹಾರಿ ಹೊರಗೆ ಹೋಗುತ್ತದೆ. ಈ ಬೇಲಿಯ ಮಾತು ಮುಂದೆ ಬರುತ್ತದೆ.

ಲೆಕ್ಕವನ್ನು ತಿರುಗಿಸಿ ಮಾಡಬೇಕು. ಮೊದಲು ಎಷ್ಟು ಸಲ ತೋರಿಸಬೇಕು ಎಂದು ತೀರ್ಮಾನಿಸಿ, ಆಮೇಲೆ ಬಜೆಟ್ ಹುಡುಕಬೇಕು.

```
ದಿನದ ಬಜೆಟ್ = ಸಿಗುವ ಜನ × ವಾರಕ್ಕೆ ಎಷ್ಟು ಸಲ × ಸಿಪಿಎಂ ÷ 1000 ÷ 7
```

ವಿಡಿಯೋ ನೋಡಿದವರಿಗೆ ವಾರಕ್ಕೆ 2 ಸಲ ಸಾಕು ಎನ್ನೋಣ. 2,400 ಜನಕ್ಕೆ 4,800 ಸಲ, 480 ರೂಪಾಯಿ, ದಿನಕ್ಕೆ ಸುಮಾರು 69. ಪುಟ ನೋಡಿದವರಿಗೆ ವಾರಕ್ಕೆ 4 ಸಲ. 180 ಜನಕ್ಕೆ 720 ಸಲ, 72 ರೂಪಾಯಿ, ದಿನಕ್ಕೆ ಸುಮಾರು 10. ಎರಡೂ ಸೇರಿ ದಿನಕ್ಕೆ 80 ರೂಪಾಯಿಯ ಒಳಗೆ ಮುಗಿಯಿತು. ರೀಟಾರ್ಗೆಟಿಂಗ್‌ಗೆ ಇಷ್ಟೇ ದುಡ್ಡು ಬೇಕು ಎಂದರೆ ಎಷ್ಟೋ ಜನ ನಂಬುವುದಿಲ್ಲ. ಉಳಿದ ದುಡ್ಡು ಹೋಗಬೇಕಾದದ್ದು ಮೊದಲ ವಿಡಿಯೋಗೆ. ಹೊಸಬರು ನೋಡಿದರೆ ಮಾತ್ರ ಪಟ್ಟಿ ಬೆಳೆಯುತ್ತದೆ.

ದಿನಕ್ಕೆ 10 ರೂಪಾಯಿಗೆ ಬೇರೆ ಜಾಹೀರಾತು ಸೆಟ್, ಅಂದರೆ ತನ್ನದೇ ಬಜೆಟ್ ಇರುವ ಜಾಹೀರಾತುಗಳ ಗುಂಪು ನಡೆಸಲು ಮೆಟಾ ಬಿಡುವುದಿಲ್ಲ, ಅದಕ್ಕೊಂದು ಕನಿಷ್ಠ ಮೊತ್ತ ಇರುತ್ತದೆ. ಹಾಗಾಗಿ ಇಷ್ಟು ಸಣ್ಣ ಅಂಗಡಿ ಎರಡೂ ಪಟ್ಟಿಗಳನ್ನು ಒಂದೇ ಸೆಟ್ಟಿಗೆ ಸೇರಿಸುವುದೇ ಜಾಣತನ. ವಿಡಿಯೋ ನೋಡಿದವರು ಬೇರೆ, ಪುಟ ನೋಡಿದವರು ಬೇರೆ, ಬುಟ್ಟಿಗೆ ಹಾಕಿ ಬಿಟ್ಟವರು ಬೇರೆ, 7 ದಿನ ಬೇರೆ, 14 ದಿನ ಬೇರೆ ಅಂತ ಐದಾರು ಸೆಟ್ ಮಾಡುವುದು ದೊಡ್ಡ ಕಂಪನಿಗಳ ಕೆಲಸ. 300 ಜನರನ್ನು ಐದು ಪಾಲು ಮಾಡಿದರೆ ಪಾಲಿಗೆ 60. ಅಲ್ಲಿಗೆ ಲೆಕ್ಕವೂ ಇಲ್ಲ, ಕಲಿಯುವುದೂ ಇಲ್ಲ.

ವಾರಕ್ಕೆ 2 ಅಥವಾ 4 ಎಂದೆನಲ್ಲ, ಅದು ಶಾಸ್ತ್ರವಲ್ಲ, ನನ್ನ ಅಂದಾಜು. ಕಾರಣ ಇದು: ದೋಟಿ ಹತ್ತಾರು ಸಾವಿರದ ವಸ್ತು. ತೋಟದವರು ನೋಡಿದ ದಿನವೇ ಕೊಳ್ಳುವುದಿಲ್ಲ. ನೆರೆಯವರ ದೋಟಿ ಎತ್ತಿ ನೋಡುತ್ತಾರೆ, ಮಗನಿಗೆ ಫೋನ್ ಮಾಡುತ್ತಾರೆ, ಅಡಿಕೆ ಕೊಟ್ಟ ದುಡ್ಡು ಬರಲಿ ಎನ್ನುತ್ತಾರೆ. ಎರಡು ಮೂರು ವಾರ ಅಂಗಡಿಯ ನೆನಪು ಇರಬೇಕು, ಆದರೆ ದಿನಾ ಎದುರು ನಿಂತರೆ ಪ್ರಯೋಜನ ಇಲ್ಲ. ಅದೇ ಹಲಸಿನ ಹಪ್ಪಳವೋ ಪುನರ್ಪುಳಿ ಶರಬತ್ತೋ ಮಾರುವವರಾದರೆ ನೋಡಿದವನು ಮೂರು ನಾಲ್ಕು ದಿನದಲ್ಲಿ ಕೊಂಡಾನು, ಇಲ್ಲದಿದ್ದರೆ ಬಿಟ್ಟಾನು. ಅಲ್ಲಿ 30 ದಿನದ ಪಟ್ಟಿಯೇ ದಂಡ. ಒಂದು ವಾರ ಹಿಂದೆ ಹೋಗಿ ನಿಲ್ಲಿಸುವುದು ಸರಿ.

ಮಿತಿ ಹಾಕುವ ಗುಂಡಿ ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಬಹಳ ಜನ ಎಡವುತ್ತಾರೆ. ಮೆಟಾದಲ್ಲಿ ಮಾರಾಟದ ಉದ್ದೇಶ, ಅಂದರೆ ಸೇಲ್ಸ್ ಆರಿಸಿದರೆ, ಒಬ್ಬನಿಗೆ ಇಷ್ಟೇ ಸಲ ಎಂದು ಗಟ್ಟಿ ಮಿತಿ ಹಾಕುವ ಜಾಗ ಸಿಗುವುದಿಲ್ಲ. ಅಲ್ಲಿ ನಿಮ್ಮ ಕೈಯಲ್ಲಿ ಇರುವುದು ಬಜೆಟ್ ಮತ್ತು ಪಟ್ಟಿಯ ಗಾತ್ರ ಮಾತ್ರ. ಅವೇರ್‌ನೆಸ್ ಉದ್ದೇಶ ಆರಿಸಿ, ಗುರಿಯನ್ನು ರೀಚ್, ಅಂದರೆ ಆದಷ್ಟು ಜನರನ್ನು ತಲುಪುವುದು ಎಂದು ಇಟ್ಟರೆ 7 ದಿನಕ್ಕೆ 2 ಸಲ ಎಂಬಂಥ ಮಿತಿ ಹಾಕಬಹುದು. ಪಾಠ ಹೇಳುವವರು ಮಾರಾಟಕ್ಕೆ ರೀಚ್ ಬಳಸಬೇಡಿ ಎನ್ನುತ್ತಾರೆ, ಯಾಕೆಂದರೆ ಅದು ಕೊಳ್ಳುವವರನ್ನು ಹುಡುಕುವುದಿಲ್ಲ, ಸಿಕ್ಕವರಿಗೆಲ್ಲ ತೋರಿಸುತ್ತದೆ. ಹೊಸಬರ ವಿಷಯದಲ್ಲಿ ಈ ಮಾತು ಸರಿ. ಆದರೆ ನಮ್ಮ 4,000 ಜನರನ್ನು ವಿಡಿಯೋ ಆಗಲೇ ಸೋಸಿ ಕೊಟ್ಟಿದೆ. ಅವರಲ್ಲಿ ಮತ್ತೆ ಹುಡುಕುವುದಕ್ಕೆ ಏನಿದೆ? ಎಲ್ಲರಿಗೂ ಒಂದೆರಡು ಸಲ ಕಂಡರೆ ಸಾಕು. ಸಣ್ಣ ಊರಿನ ರೀಟಾರ್ಗೆಟಿಂಗ್‌ಗೆ ಈ ದಾರಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಗೂಗಲ್‌ನಲ್ಲಿ ಯೂಟ್ಯೂಬ್ ವಿಡಿಯೋ ಅಭಿಯಾನಕ್ಕೂ ಡಿಸ್‌ಪ್ಲೇ ಅಭಿಯಾನಕ್ಕೂ ದಿನ, ವಾರ, ತಿಂಗಳ ಮಿತಿ ಹಾಕಲು ಅವಕಾಶ ಇದೆ. ಗೂಗಲ್‌ನ ಎಲ್ಲ ಕಡೆ ಒಟ್ಟಿಗೆ ಓಡುವ ಪರ್ಫಾರ್ಮೆನ್ಸ್ ಮ್ಯಾಕ್ಸ್ ಅಭಿಯಾನದಲ್ಲಿ ಇಲ್ಲ.

ಇನ್ನೊಂದು: ಮೆಟಾದ ಆ ಮಿತಿ ಹಾಕುವುದು ಒಂದೊಂದು ಸೆಟ್ಟಿಗೆ. ಮೂರು ಸೆಟ್ಟಿನಲ್ಲೂ ಅದೇ ವ್ಯಕ್ತಿ ಇದ್ದು, ಮೂರಕ್ಕೂ ವಾರಕ್ಕೆ 2 ಎಂದು ಹಾಕಿದರೆ ಅವನಿಗೆ 6 ಸಲ ಕಾಣಬಹುದು. ಯೂಟ್ಯೂಬ್‌ನಲ್ಲಿ ಹಾಕಿದ 3 ಸಲದ ಮಿತಿಗೆ ಫೇಸ್‌ಬುಕ್‌ನ ಸುದ್ದಿಯೇ ಗೊತ್ತಿಲ್ಲ. ಎಲ್ಲ ಸೇರಿ 9 ಆಯಿತು. ಅಂಗಡಿಯವರು ಪ್ರತಿಯೊಂದು ಪರದೆಯಲ್ಲೂ ಸಣ್ಣ ಸಂಖ್ಯೆ ನೋಡಿ ನೆಮ್ಮದಿಯಾಗಿರುತ್ತಾರೆ. ಗಿರಾಕಿಗೆ ಮಾತ್ರ ಒಟ್ಟು ಕಾಣುತ್ತದೆ.

ಫ್ರೀಕ್ವೆನ್ಸಿಯ ಅಂಕಿಯನ್ನು ಓದುವಾಗಲೂ ಜಾಗ್ರತೆ ಬೇಕು. ತೋರಿಸಿದ ಒಟ್ಟು ಸಲವನ್ನು ತಲುಪಿದ ಜನರಿಂದ ಭಾಗಿಸಿ ಬರುವ ಸಂಖ್ಯೆ ಅದು. ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ನೋಡದೆ ಅದಕ್ಕೆ ಅರ್ಥವಿಲ್ಲ. ಏಪ್ರಿಲ್ ಮತ್ತು ಮೇ ಎರಡು ತಿಂಗಳಿಗೆ 12 ಎಂದರೆ ವಾರಕ್ಕೆ ಒಂದೂವರೆ ಸಲವೂ ಆಗಲಿಲ್ಲ, ಚಿಂತೆ ಬೇಡ. ಕಳೆದ 7 ದಿನಕ್ಕೆ 12 ಎಂದರೆ ಇವತ್ತೇ ಬಜೆಟ್ ಇಳಿಸಬೇಕು. ಹಾಗಾಗಿ ರಿಪೋರ್ಟ್ ತೆರೆದ ಕೂಡಲೇ ಮೇಲೆ ತಾರೀಕಿನ ಜಾಗದಲ್ಲಿ 7 ದಿನ ಎಂದು ಮಾಡಿಕೊಳ್ಳಿ.

ಜೊತೆಗೆ ಇದು ಸರಾಸರಿ. 100 ಜನರಿಗೆ 400 ಸಲ ತೋರಿಸಿದರೆ ಫ್ರೀಕ್ವೆನ್ಸಿ 4. ಆದರೆ ಅದರಲ್ಲಿ 80 ಜನರಿಗೆ ಎರಡೆರಡು ಸಲ, ಉಳಿದ 20 ಜನರಿಗೆ ಹನ್ನೆರಡು ಸಲ ಕಂಡಿರಬಹುದು. 160 ಮತ್ತು 240 ಸೇರಿ ಅದೇ 400. ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ರೀಲ್ಸ್ ನೋಡುವವರು ಆ ಇಪ್ಪತ್ತರಲ್ಲಿ ಬರುತ್ತಾರೆ. ದೂರುವವರೂ ಅವರೇ. ಸರಾಸರಿ 4 ಇದ್ದರೂ "ದಿನಾ ಬರ್ತದೆ" ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ.

ಅತಿಯಾಯಿತು ಎಂಬುದು ಬೇರೆ ಅಂಕಿಗಳಲ್ಲೂ ಕಾಣುತ್ತದೆ. 7 ದಿನದ ಫ್ರೀಕ್ವೆನ್ಸಿ ಏರುತ್ತಾ ಹೋಗುತ್ತದೆ, ಅದೇ ಹೊತ್ತಿಗೆ ಕ್ಲಿಕ್ಕಿನ ಪ್ರಮಾಣ ಇಳಿಯುತ್ತದೆ, ಸಿಪಿಎಂ ಏರುತ್ತದೆ. ಮೂರೂ ಒಟ್ಟಿಗೆ ಆದರೆ ಕಾರಣ ಹುಡುಕುವ ಅಗತ್ಯ ಇಲ್ಲ. ಕ್ಲಿಕ್ ಇಳಿದಿದೆ ಆದರೆ ಫ್ರೀಕ್ವೆನ್ಸಿ ಒಂದೂವರೆಯಲ್ಲೇ ಇದೆ ಎಂದಾದರೆ ತಪ್ಪು ಮಿತಿಯಲ್ಲಿ ಇಲ್ಲ, ಜಾಹೀರಾತಿನಲ್ಲೇ ಇದೆ. ಮೊದಲ ವಿಡಿಯೋವನ್ನೇ ಮತ್ತೆ ತೋರಿಸುತ್ತಿದ್ದರೆ ಹೀಗಾಗುತ್ತದೆ. ದೋಟಿ ಏಳುವುದನ್ನು ಅವರು ಆಗಲೇ ನೋಡಿದ್ದಾರಲ್ಲ. ಎರಡನೇ ಸಲ ಅವರಿಗೆ ಬೇಕಾದದ್ದು ಉಳಿದ ಸಂಶಯಕ್ಕೆ ಉತ್ತರ: ಪೂರ್ತಿ ಎತ್ತಿದಾಗ ತುದಿ ಎಷ್ಟು ಓಲಾಡುತ್ತದೆ, ಲಾಕ್ ಸಡಿಲಾದರೆ ಬಿಡಿ ಭಾಗ ಸಿಗುತ್ತದಾ, ಬದಿಯಡ್ಕದಲ್ಲೇ ರಿಪೇರಿ ಆಗುತ್ತದಾ. ಇಂಥ ಮೂರು ಸಣ್ಣ ಜಾಹೀರಾತುಗಳಿದ್ದರೆ ವಾರಕ್ಕೆ 4 ಸಲ ಕಂಡರೂ ಒಂದೇ ಕಂಡಂತೆ ಆಗುವುದಿಲ್ಲ.

ಈಗ ಬೇಲಿಯ ಮಾತು. ಈಚಿನ ವರ್ಷಗಳಲ್ಲಿ ಮೆಟಾದಲ್ಲಿ ಬಂದ ದೊಡ್ಡ ಬದಲಾವಣೆ ಇದು. ಹೊಸ ಸೆಟ್ ಮಾಡುವಾಗ Advantage+ audience ಎಂಬ ಆಯ್ಕೆ ತಾನಾಗಿಯೇ ಆನ್ ಇರುತ್ತದೆ. ಅದು ಆನ್ ಇದ್ದರೆ ನೀವು ಹಾಕಿದ ವಿಡಿಯೋ ಪಟ್ಟಿ ಬರೀ ಸಲಹೆ. ಮೊದಲು ಅವರ ಕಡೆ ನೋಡುತ್ತದೆ, ಆಮೇಲೆ ತನಗೆ ಸರಿ ಕಂಡವರಿಗೆಲ್ಲ ತೋರಿಸುತ್ತದೆ. ನೀವು ರೀಟಾರ್ಗೆಟಿಂಗ್ ಮಾಡುತ್ತಿದ್ದೇನೆ ಎಂದುಕೊಂಡಿರುತ್ತೀರಿ, ದುಡ್ಡು ಹೊಸಬರ ಮೇಲೆ ಹೋಗುತ್ತಿರುತ್ತದೆ. ವಿಚಿತ್ರ ಏನೆಂದರೆ ಆಗ ಫ್ರೀಕ್ವೆನ್ಸಿ ಚೆನ್ನಾಗಿ ಕಾಣುತ್ತದೆ. ಹೊಸಬರು ಸೇರಿದಂತೆ ಸರಾಸರಿ ಇಳಿಯುತ್ತದೆ ತಾನೇ?

ಪತ್ತೆ ಮಾಡುವುದು ಸುಲಭ. ಪಟ್ಟಿಯಲ್ಲಿ 4,300 ಜನ, ರೀಚ್ 11,000 ಎಂದು ತೋರಿಸಿದರೆ ಬೇಲಿ ಹಾರಿದೆ. ಆ ಸೆಟ್ಟಿನಲ್ಲಿ ಹಳೆಯ ರೀತಿಯ ಆಡಿಯನ್ಸ್ ಆಯ್ಕೆಗೆ ಬದಲಿಸಿ, ಪಟ್ಟಿಯನ್ನು ಹಿಗ್ಗಿಸುವ ಅನುಮತಿಯ ಗುರುತನ್ನೂ ತೆಗೆಯಬೇಕು. ಎಕ್ಸ್‌ಕ್ಲೂಡ್ ಮಾಡಿದ ಪಟ್ಟಿಗಳು ಮಾತ್ರ ಸಲಹೆಯಲ್ಲ, ಅವು ಎರಡೂ ಕಡೆ ಗಟ್ಟಿಯಾಗಿ ನಿಲ್ಲುತ್ತವೆ.

ಆ ಕೊಂಡುಹೋದ ಗಿರಾಕಿಯ ಕಥೆ ಬಗೆಹರಿಯುವುದೂ ಇದೇ ಎಕ್ಸ್‌ಕ್ಲೂಡ್‌ನಿಂದ. ಅವರು ವಿಡಿಯೋ ನೋಡಿದರು, ಪುಟ ತೆರೆದರು, ಆಮೇಲೆ ಜೀಪಿನಲ್ಲಿ ಪೇಟೆಗೆ ಬಂದು ನೋಟು ಎಣಿಸಿ ಕೊಟ್ಟು ದೋಟಿ ಕೊಂಡುಹೋದರು. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಪಿಕ್ಸೆಲ್ Purchase ಎಂಬ ಸುದ್ದಿ ಕಳಿಸುತ್ತಿತ್ತು, ಕೊಂಡವರನ್ನು ಬಿಡು ಎಂದು ಹೇಳಬಹುದಿತ್ತು. ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಿದ್ದ ದುಡ್ಡು ಮೆಟಾಕ್ಕೆ ಗೊತ್ತಾಗುವುದು ಹೇಗೆ? ಅದರ ಲೆಕ್ಕದಲ್ಲಿ ಅವರಿನ್ನೂ ದೋಟಿ ನೋಡಿ ಬಿಟ್ಟುಹೋದವರು. ದೋಟಿಯಂಥ ವಸ್ತು ಹೆಚ್ಚಾಗಿ ಹೀಗೆಯೇ ಮಾರಾಟವಾಗುವುದು. ಅಂದರೆ ಯಾರು ಕೊಂಡಿದ್ದಾರೋ ಅವರಿಗೇ ಜಾಹೀರಾತು ಜಾಸ್ತಿ.

ಪರಿಹಾರಕ್ಕೆ ಬಿಲ್ ಪುಸ್ತಕ ಸಾಕು. ಬಿಲ್ ಮಾಡುವಾಗ ಬರೆದುಕೊಂಡ ಫೋನ್ ನಂಬರುಗಳನ್ನು ಒಂದು ಶೀಟಿಗೆ ಹಾಕಿ, ಮುಂದೆ 91 ಸೇರಿಸಿ, ಗ್ರಾಹಕರ ಪಟ್ಟಿ ಎಂದು ಮೆಟಾಕ್ಕೆ ಏರಿಸಿ, ಆ ಪಟ್ಟಿಯನ್ನು ಎಲ್ಲ ಸೆಟ್ಟುಗಳಿಂದ ಕಳೆಯಬೇಕು. ನಂಬರುಗಳು ಗುರುತು ಸಿಗದ ಸಂಕೇತಗಳಾಗಿ ಬದಲಾದ ಮೇಲೆ ಹೋಲಿಕೆ ನಡೆಯುತ್ತದೆ. ಎಲ್ಲರೂ ಹೊಂದುವುದಿಲ್ಲ, ಫೇಸ್‌ಬುಕ್‌ಗೆ ಕೊಟ್ಟ ನಂಬರು ಬೇರೆ, ಬಿಲ್ಲಿಗೆ ಕೊಟ್ಟದ್ದು ಬೇರೆ ಆಗಿರುತ್ತದೆ. ಆದರೂ ಸೀಸನ್ನಿನಲ್ಲಿ ವಾರಕ್ಕೊಮ್ಮೆ ಈ ಕೆಲಸ ಮಾಡಿದರೆ ದೂರುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತವೆ. ನಂಬರು ತೆಗೆದುಕೊಳ್ಳುವಾಗ ಯಾಕೆ ಎಂದು ಹೇಳಿ ಒಪ್ಪಿಗೆ ಕೇಳುವುದು ಒಳ್ಳೆಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. 18 ವರ್ಷದ ಒಳಗಿನ ಮಕ್ಕಳನ್ನು ಗುರಿಮಾಡುವ ಜಾಹೀರಾತಿಗೆ ಆ ಕಾಯ್ದೆಯಲ್ಲಿ ನಿರ್ಬಂಧವಿದೆ. ದೋಟಿಯವರಿಗೆ ಅದು ತಾಗದು. ಆಟಿಕೆ, ಟ್ಯೂಷನ್ ಮಾರುವವರು ನೋಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಲಾಭ ಆಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ರಿಪೋರ್ಟ್ ನಂಬಿದರೆ ರೀಟಾರ್ಗೆಟಿಂಗ್ ಯಾವಾಗಲೂ ಗೆದ್ದಂತೆ ಕಾಣುತ್ತದೆ. ಯಾಕೆಂದರೆ ಮೆಟಾ ಮಾಮೂಲಾಗಿ ಲೆಕ್ಕ ಹಿಡಿಯುವುದು ಕ್ಲಿಕ್ ಮಾಡಿ 7 ದಿನದೊಳಗೆ ಬಂದವರನ್ನು, ಜೊತೆಗೆ ಕ್ಲಿಕ್ ಮಾಡದೆ ಸುಮ್ನೆ ಕಣ್ಣಿಗೆ ಬಿದ್ದು 1 ದಿನದೊಳಗೆ ಬಂದವರನ್ನು. ಪುಟ ನೋಡಿದ 300 ಜನರಲ್ಲಿ ಕೆಲವರು ಹೇಗೂ ಕೊಳ್ಳುವವರೇ. ಅವರ ಕಣ್ಣಿಗೆ ದಿನಾ ಜಾಹೀರಾತು ಬೀಳಿಸಿದರೆ ಅವರು ಯಾವ ದಿನ ವಿಚಾರಣೆಯ ಫಾರ್ಮ್ ತುಂಬಿದರೂ ಹಿಂದಿನ ದಿನ ಜಾಹೀರಾತು ಕಂಡೇ ಇರುತ್ತದೆ. ಶಹಬ್ಬಾಸ್ ಜಾಹೀರಾತಿಗೆ. ಫ್ರೀಕ್ವೆನ್ಸಿ ಏರಿಸಿದಷ್ಟೂ ಈ ಪುಕ್ಕಟೆ ಹೆಸರು ಜಾಸ್ತಿ ಸಿಗುತ್ತದೆ. ಬಜೆಟ್ ಏರಿಸಿ ಎಂದು ಹೇಳುವವರು ಈ ಅಂಕಿಯನ್ನೇ ತೋರಿಸುತ್ತಾರೆ. ರಿಪೋರ್ಟಿನಲ್ಲಿ ಎರಡನ್ನೂ ಬೇರೆ ಬೇರೆ ಅಂಕಣ ಮಾಡಿ ನೋಡಲು ಅವಕಾಶ ಇದೆ. ಕ್ಲಿಕ್ಕಿನಿಂದ ಬಂದವರು 3, ಬರೀ ಕಂಡು ಬಂದವರು 14 ಎಂದಿದ್ದರೆ ಆ 14ನ್ನು ಅರ್ಧಕ್ಕಿಂತ ಹೆಚ್ಚು ನಂಬಬೇಡಿ.

ಸಣ್ಣ ಅಂಗಡಿಗೆ ಇದಕ್ಕಿಂತ ಗಟ್ಟಿ ಪರೀಕ್ಷೆ ಒಂದಿದೆ. ರೀಟಾರ್ಗೆಟಿಂಗ್ ಸೆಟ್ಟನ್ನು ಮಾತ್ರ ಎರಡು ವಾರ ನಿಲ್ಲಿಸಿ, ಮೊದಲ ವಿಡಿಯೋ ಎಂದಿನಂತೆ ಓಡಲಿ. ಬರುವ ಫೋನು, ಬರುವ ಜನರ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ. ಇದನ್ನು ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಮಾಡಬೇಕು. ಮೇ ತಿಂಗಳಲ್ಲಿ ಮಾಡಿದರೆ ಮೋಡ ಕಟ್ಟಿದ್ದಕ್ಕೆ ಜನ ಬಂದರೋ ಜಾಹೀರಾತಿಗೆ ಬಂದರೋ ಗೊತ್ತಾಗುವುದಿಲ್ಲ.

ಸೀಸನ್ನಿಗೆ ಪಟ್ಟಿಯ ಅವಧಿಯನ್ನೂ ಹೊಂದಿಸಬೇಕು. ವಿಡಿಯೋ ನೋಡಿದವರನ್ನು ಮೆಟಾ 365 ದಿನದವರೆಗೆ, ವೆಬ್‌ಸೈಟಿಗೆ ಬಂದವರನ್ನು 180 ದಿನದವರೆಗೆ ಇಟ್ಟುಕೊಳ್ಳುತ್ತದೆ. ಏಪ್ರಿಲ್ ಮೊದಲ ವಾರ 365 ದಿನದ ಪಟ್ಟಿಗೆ ಒಂದೇ ಸಲ, ವಾರಕ್ಕೆ 1ರ ಮಿತಿಯಲ್ಲಿ ತೋರಿಸಿದರೆ ಕಳೆದ ಮಳೆಗಾಲಕ್ಕೆ ಮೊದಲು ನೋಡಿ ಬಿಟ್ಟವರಿಗೆ ನೆನಪಾಗುತ್ತದೆ. ಆಮೇಲೆ ಮೇ ಕೊನೆಯವರೆಗೆ 30 ದಿನದ ಪಟ್ಟಿ, ವಾರಕ್ಕೆ 2. ಮಳೆ ಹಿಡಿದ ದಿನ ಮದ್ದಿನ ಜಾಹೀರಾತು ನಿಲ್ಲಿಸಬೇಕು, ನೆನೆದ ಮರಕ್ಕೆ ಯಾರೂ ಮದ್ದು ಬಿಡುವುದಿಲ್ಲ. ಎರಡನೇ ಸಲದ ಮದ್ದು ಮೊದಲನೆಯದಾದ 40-45 ದಿನಕ್ಕೆ ಬರುತ್ತದೆ. ಮೊದಲ ಸಲ ಆಳು ಹುಡುಕಿ ಸುಸ್ತಾದವರು ಆಗ ಮತ್ತೆ ದೋಟಿಯ ಪುಟ ತೆರೆಯುತ್ತಾರೆ. ಜುಲೈಯಲ್ಲಿ ಬಿಸಿಲು ಬಿಡುವ ನಾಲ್ಕು ದಿನ ಸಿಕ್ಕರೆ ಪುಟ ನೋಡಿದವರ ಪಟ್ಟಿಯನ್ನು 7 ದಿನಕ್ಕೆ ಇಳಿಸಿ ಆ ನಾಲ್ಕು ದಿನ ಮಾತ್ರ ಓಡಿಸಿದರೆ ಸಾಕು.